ಒಂದು ಫೋಟೋದಿಂದ ವೆಂಚುರಿಯ ವೇಗ, ಒತ್ತಡ ತೆಗೆದದ್ದು: ನನ್ನ ಅನುಭವ

"ಚಿತ್ರದ ಫೋಟೋ ನೋಡಿ ಒತ್ತಡ ಹೇಳೋಕೆ ಆಗಲ್ಲ, ಬಿಟ್ಬಿಡಿ" ಅಂತ ಜೊತೆಯವರೆಲ್ಲ ಹೇಳಿದ್ದರು. ಆಯ್ತು ನೋಡಿ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಕೈಯಲ್ಲಿ ಇದ್ದದ್ದು ಹಳೆಯ ಪ್ರಯೋಗವೊಂದರ ಚಿತ್ರದ ಮೊಬೈಲ್ ಫೋಟೋ ಮಾತ್ರ. ಅಡ್ಡ ಮಲಗಿದ ವೆಂಚುರಿ, ಅಂದರೆ ನಡುವೆ ಕಿರಿದಾಗುವ ಪೈಪ್, ಒಳಗೆ ನೀರು, ಅಗಲ ಭಾಗದ ವ್ಯಾಸ 40 ಮಿ.ಮೀ., ಹರಿವು ಸೆಕೆಂಡಿಗೆ 0.6 ಲೀಟರ್. ಅಗಲ ಭಾಗದ ಮೇಲೊಂದು, ಕಿರಿದಾದ ಭಾಗ ಅಂದರೆ ಥ್ರೋಟ್ ಮೇಲೊಂದು ಪೀಜೋಮೀಟರ್, ಅಂದರೆ ನೀರಿನ ಮಟ್ಟದಿಂದ ಒತ್ತಡ ತೋರಿಸುವ ಕೊಳವೆ, ಪಕ್ಕದಲ್ಲಿ ಸ್ಕೇಲ್. ಥ್ರೋಟ್‌ನ ವ್ಯಾಸ ಮಾತ್ರ ಯಾರೂ ಬರೆದಿರಲಿಲ್ಲ. ರಿಗ್ ಬಿಚ್ಚಿ ಎಷ್ಟೋ ಕಾಲವಾಗಿತ್ತು. ಹೊಸದಾಗಿ ಲೇತ್‌ನಲ್ಲಿ ಮಾಡಿಸೋಣ ಅಂದರೆ ದುಡ್ಡು ಜಾಸ್ತಿ.

ಅಗಲ ಭಾಗದ ವೇಗ ಸುಲಭ, ಸುಮಾರು 0.48 ಮೀ./ಸೆ. ಉಳಿದದ್ದು ಇಷ್ಟೇ, 1 ಅಂದರೆ ಅಗಲ ಭಾಗ, 2 ಅಂದರೆ ಥ್ರೋಟ್, D ವ್ಯಾಸ, v ವೇಗ, dp ಒತ್ತಡದ ವ್ಯತ್ಯಾಸ:

```
v2 = v1 * (D1/D2)**2
dp = 0.5 * 1000 * (v2**2 - v1**2)
```

ಮೊದಲ ಸಲ ಫೋಟೋದ ಮೇಲೆ ನೇರವಾಗಿ ಪಿಕ್ಸೆಲ್ ಎಣಿಸಿದೆ. ಅಗಲ ಭಾಗ 440, ಥ್ರೋಟ್ 196. ಲೆಕ್ಕ ಹಾಕಿ, ಬಂದ ಒತ್ತಡವನ್ನು ನೀರಿನ ಎತ್ತರಕ್ಕೆ ಬದಲಿಸಿದರೆ ಎರಡು ಕೊಳವೆಗಳ ನೀರಿನ ಮಟ್ಟಕ್ಕೆ 28 ಸೆಂ.ಮೀ. ಅಂತರ ಇರಬೇಕು ಅಂತ ಬಂತು. ಚಿತ್ರದ ಸ್ಕೇಲ್‌ನಲ್ಲಿ ಇದ್ದದ್ದು 42 ಮತ್ತು 23.4, ಅಂದರೆ 18.6 ಸೆಂ.ಮೀ. ಅಂತರ. ಇಲ್ಲೇ ದುಡ್ಡು ಕಳೆದುಕೊಂಡೆ. ಸೂತ್ರ ಸಾಲದು ಅಂದುಕೊಂಡು ಸಿಮ್ಯುಲೇಶನ್ ಸಾಫ್ಟ್‌ವೇರಿಗೆ ಒಂದು ತಿಂಗಳ ಚಂದಾ ಕಟ್ಟಿದೆ. ಅದೇ ತಪ್ಪು ಅಳತೆ ಕೊಟ್ಟೆ, ಅದೂ ಹೆಚ್ಚುಕಮ್ಮಿ ಅದೇ ಉತ್ತರ ಕೊಟ್ಟಿತು. ಕೊಡದೇ ಇನ್ನೇನು ಮಾಡುತ್ತೆ, ಅಲ್ವಾ?

ತಪ್ಪು ಫೋಟೋದಲ್ಲಿತ್ತು. ಮೊಬೈಲನ್ನು ಓರೆಯಾಗಿ ಹಿಡಿದು ತೆಗೆದದ್ದು, ಹಾಗಾಗಿ ಹತ್ತಿರದ ಅಗಲ ಭಾಗ ಉಬ್ಬಿತ್ತು, ದೂರದ ಥ್ರೋಟ್ ಕುಗ್ಗಿತ್ತು. ವ್ಯಾಸಗಳ ಅನುಪಾತ ಒತ್ತಡದ ಲೆಕ್ಕದಲ್ಲಿ ನಾಲ್ಕನೇ ಘಾತಕ್ಕೆ ಹೋಗುತ್ತದೆ. ಅನುಪಾತ ಶೇ 11 ತಪ್ಪಿದ್ದಕ್ಕೆ ಒತ್ತಡ ಒಂದೂವರೆ ಪಟ್ಟು ಆಗಿತ್ತು.

ಚಿತ್ರ ಬರೆದ ಹಾಳೆಯ ನಾಲ್ಕೂ ಮೂಲೆ ಫೋಟೋದಲ್ಲಿ ಕಾಣುತ್ತಿದ್ದವು, ಅದು ಪುಣ್ಯ. ಅವನ್ನು ಗುರುತಿಸಿ, ಚಿತ್ರ ತಿದ್ದುವ ಪ್ರೋಗ್ರಾಮಿಂಗ್ ಲೈಬ್ರರಿ ಓಪನ್‌ಸಿವಿಯ `getPerspectiveTransform` ಮತ್ತು `warpPerspective` ಬಳಸಿ ಹಾಳೆಯನ್ನು A4 ಅನುಪಾತಕ್ಕೆ ನೇರ ಮಾಡಿದೆ. ಲೆನ್ಸಿನ ಬಾಗು ತೆಗೆಯೋಕೆ ನನ್ನದೇ ಒಂದು ಉಪಾಯ ಇದೆ, ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಚಿತ್ರ ಅಳತೆಗೆ ಸರಿಯಾಗಿ ಬರೆದದ್ದೋ ಅಂತಲೂ ನೋಡಬೇಕಿತ್ತು. ಎರಡು ಕೊಳವೆಗಳ ನಡುವೆ 120 ಮಿ.ಮೀ. ಅಂತ ಬರೆದಿತ್ತು. ಅಡ್ಡಕ್ಕೂ ಉದ್ದಕ್ಕೂ ಮಿ.ಮೀ.ಗೆ ಹತ್ತೂವರೆ ಪಿಕ್ಸೆಲ್ ಆಸುಪಾಸು ಬಂದಾಗ ಧೈರ್ಯ ಬಂತು. ಈ ಎರಡು ಹೊಂದದಿದ್ದರೆ ಆ ಚಿತ್ರವನ್ನು ಅಳೆಯಲೇಬೇಡಿ, ಅದರ ಮೇಲೆ ಬರೆದ ಸಂಖ್ಯೆಗಳನ್ನಷ್ಟೇ ನಂಬಿ.

ಆಮೇಲಿನ ತಪ್ಪು ಇನ್ನೂ ಅಪಾಯದ್ದು, ಯಾಕಂದರೆ ಉತ್ತರ ನಂಬುವ ಹಾಗಿತ್ತು. ಪೈಪಿನ ಗೋಡೆಯ ಗೆರೆ ಆರು ಪಿಕ್ಸೆಲ್ ದಪ್ಪ. ನಾನು ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದಿದ್ದೆ, 430 ಮತ್ತು 219. ಅಂತರ 16 ಸೆಂ.ಮೀ. ಬಂತು. ಉಳಿದ ಎರಡೂವರೆ ಸೆಂ.ಮೀ. ಘರ್ಷಣೆಯಲ್ಲಿ ಹೋಯಿತು ಅಂದುಕೊಂಡು ಎರಡು ದಿನ ಖುಷಿಯಾಗಿದ್ದೆ. ಇಷ್ಟು ಚಿಕ್ಕ ವೆಂಚುರಿಯಲ್ಲಿ, ಥ್ರೋಟ್ ತನಕ ಅಷ್ಟು ನಷ್ಟ ಜಾಸ್ತಿಯೇ ಆಯಿತು. ಅನುಮಾನ ಬಂದು ಒಳ ಅಂಚಿಗೆ ಅಳೆದರೆ 418 ಮತ್ತು 207. ಥ್ರೋಟ್‌ನಲ್ಲಿ ವೇಗ 1.95 ಮೀ./ಸೆ., ಅಂತರ 18.2 ಸೆಂ.ಮೀ. ಅಳತೆಗಿಂತ ಹೆಚ್ಚುಕಮ್ಮಿ ಅರ್ಧ ಸೆಂ.ಮೀ. ಕಡಿಮೆ. ಹಾಗೇ ಇರಬೇಕು, ನಷ್ಟ ಇದ್ದಾಗ ನಿಜವಾದ ಅಂತರ ಮೇಲಿನ ಬರ್ನೌಲಿ ಸೂತ್ರ ಹೇಳುವುದಕ್ಕಿಂತ ಸ್ವಲ್ಪ ಜಾಸ್ತಿಯೇ. ಒತ್ತಡ ಅಗಲ ಭಾಗದಲ್ಲಿ ಸುಮಾರು 4.1 ಕಿಲೋಪಾಸ್ಕಲ್, ಥ್ರೋಟ್‌ನಲ್ಲಿ 2.3. ಎರಡೂ ವಾತಾವರಣದ ಒತ್ತಡ ಬಿಟ್ಟು, ಪೈಪಿನ ನಡುಗೆರೆಯಿಂದ ಅಳೆದದ್ದು.

ನಡುವೆ ಸುಮ್ನೆ ಇನ್ನೊಂದು ಪ್ರಯೋಗ ಮಾಡಿದೆ. ಚಿತ್ರದಲ್ಲಿ ಹರಿವಿನ ಗೆರೆಗಳೂ ಇದ್ದವು. ಗೆರೆಗಳ ನಡುವಿನ ಜಾಗ ಥ್ರೋಟ್‌ನಲ್ಲಿ ಅರ್ಧ ಆಗಿತ್ತು, ಹಾಗಾದರೆ ವೇಗ ಎರಡು ಪಟ್ಟು ಅಂತ ಲೆಕ್ಕ ಹಾಕಿದೆ. ಪೂರ್ತಿ ತಪ್ಪು. ಹಾಳೆ ಚಪ್ಪಟೆ, ಪೈಪ್ ದುಂಡಗೆ. ಕಣ್ಣಿಗೆ ಕಾಣದ ಇನ್ನೊಂದು ದಿಕ್ಕಿನಲ್ಲೂ ನೀರು ಅಷ್ಟೇ ಕಿರಿದಾಗುತ್ತದೆ, ವೇಗ ನಾಲ್ಕು ಪಟ್ಟು.

ನನ್ನ ಲೆಕ್ಕಕ್ಕೆ ಥ್ರೋಟ್ 19.8 ಮಿ.ಮೀ. ಹೋದ ತಿಂಗಳು ಗುಜರಿ ಪೆಟ್ಟಿಗೆಯೊಂದರಲ್ಲಿ ಹಳೆಯ ತುಂಡು ಸಿಕ್ಕಿತು. ಬೇಡ ಅಂದವರ ಎದುರಿಗೇ ವರ್ನಿಯರ್ ಇಟ್ಟೆ. 19.9.