ಗಂಟಲಲ್ಲಿ ಚೆಂಡು ಸಿಕ್ಕಿ ನಾಯಿ ಕುಸಿದು ಬಿದ್ದಾಗ
ಲ್ಯಾಬ್ರಡಾರ್‌ನಂತಹ ದೊಡ್ಡ ನಾಯಿಯ ಗಂಟಲಲ್ಲಿ ರಬ್ಬರ್ ಚೆಂಡು ಸಿಕ್ಕಿ ಅದು ಪ್ರಜ್ಞೆ ತಪ್ಪಿದರೆ, ಬಾಯೊಳಗೆ ಬೆರಳು ಹಾಕಿ ತಡಕಾಡುವ ಬದಲು, ಕತ್ತಿನ ಹೊರಗಿನಿಂದ ಎರಡೂ ಹೆಬ್ಬೆರಳುಗಳನ್ನು ದವಡೆಯ ಕೆಳಗೆ ಚೆಂಡಿನ ಹಿಂಬದಿಗೆ ಇಟ್ಟು ಬಾಯಿಯ ಕಡೆಗೆ ಒತ್ತಿ ತಳ್ಳಿರಿ. ಜೊಲ್ಲಿನಿಂದ ಜಾರುವ ಚೆಂಡು ಬೆರಳು ತಾಗಿದರೆ ಇನ್ನೂ ಒಳಕ್ಕೆ ಸರಿಯುತ್ತದೆ. ಹಿಂದಿನಿಂದ ಬಿದ್ದ ಒತ್ತಡ ಮಾತ್ರ ಅದನ್ನು ಹೊರಗೆ ತರುತ್ತದೆ. ಚೂಪಾದ ಮೂಳೆಗೆ ಈ ಉಪಾಯ ಸಲ್ಲದು. ನಾಯಿ ಇನ್ನೂ ಜೋರಾಗಿ ಕೆಮ್ಮುತ್ತಿದ್ದರೆ ಅದನ್ನು ಕೆಮ್ಮಲು ಬಿಟ್ಟು ಕೂಡಲೇ ವೈದ್ಯರತ್ತ ಹೊರಡಿರಿ. ನಾಯಿ ಸ್ಪಂದಿಸದೆ, ಉಸಿರಾಟವೂ ಕಾಣದಿದ್ದರೆ, ನಾಡಿ ಹುಡುಕುತ್ತ ಹೊತ್ತು ಕಳೆಯದೆ, ಒಬ್ಬರು ವಾಹನ ಓಡಿಸುವಾಗ ಇನ್ನೊಬ್ಬರು ಎದೆ ಒತ್ತಲು ಆರಂಭಿಸಬೇಕು. ಮೆತ್ತನೆಯ ಸೀಟು ಒತ್ತಡವನ್ನೆಲ್ಲ ನುಂಗಿಬಿಡುವುದರಿಂದ, ನಾಯಿಯನ್ನು ಡಿಕ್ಕಿಯ ಅಥವಾ ವ್ಯಾನಿನ ಗಟ್ಟಿ ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ಎದೆಗೂಡು ಅತಿ ಅಗಲವಾಗಿರುವಲ್ಲಿ ಅಂಗೈಗಳನ್ನು ಒಂದರ ಮೇಲೊಂದಿಟ್ಟು, ಮೊಣಕೈ ಮಡಿಸದೆ, ಎದೆಯ ಅಗಲದ ಮೂರನೇ ಒಂದರಿಂದ ಅರ್ಧದಷ್ಟು ತಗ್ಗುವಂತೆ ನಿಮಿಷಕ್ಕೆ 100ರಿಂದ 120 ಬಾರಿ ಒತ್ತಿರಿ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು, ಇಲ್ಲವಾದರೆ ಹೃದಯಕ್ಕೆ ರಕ್ತ ಮರಳುವುದಿಲ್ಲ. 30 ಬಾರಿ ಒತ್ತಿದ ನಂತರ ಬಾಯೊಳಗೆ ನೋಡಿ, ಕಣ್ಣಿಗೆ ಕಾಣುವ ವಸ್ತುವನ್ನಷ್ಟೇ ತೆಗೆದು, ನಾಯಿಯ ಬಾಯಿ ಮುಚ್ಚಿ ಹಿಡಿದು ಮೂಗಿನ ಮೂಲಕ ಎರಡು ಸಲ ಉಸಿರು ಊದಿರಿ. ಎದೆ ಉಬ್ಬದಿದ್ದರೆ ದಾರಿ ಇನ್ನೂ ಕಟ್ಟಿಕೊಂಡಿದೆ ಎಂದರ್ಥ. ಆಗಲೂ ಒತ್ತುವುದನ್ನು ನಿಲ್ಲಿಸಬೇಡಿ, ಏಕೆಂದರೆ ಆ ಒತ್ತಡವೇ ಕೆಲವೊಮ್ಮೆ ಸಿಕ್ಕಿದ್ದನ್ನು ಹೊರದಬ್ಬುತ್ತದೆ. ನಾಯಿ ಚೇತರಿಸಿಕೊಂಡರೂ ವೈದ್ಯರಿಗೆ ತೋರಿಸಲೇಬೇಕು, ಏಕೆಂದರೆ ಶ್ವಾಸಕೋಶದಲ್ಲಿ ನೀರು ತುಂಬುವ ತೊಂದರೆ ಕೆಲವು ಗಂಟೆಗಳ ನಂತರ ಕಾಣಿಸಿಕೊಳ್ಳಬಹುದು.