ಇಪ್ಪತ್ತನೇ ವರ್ಷದ ಅಡಿಕೆಗೆ ಇಂದು ಎಷ್ಟು ಬೆಲೆ ಕಟ್ಟಬೇಕು?

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಸುತ್ತಿನ ಕೃಷಿಕರಿಗೆ ಬ್ಯಾಂಕ್ ಸಾಲದ ಯೋಜನಾ ವರದಿ ಬರೆದುಕೊಡುವುದು ನನ್ನ ಕಸುಬು. ಈ ವರದಿಗಳಲ್ಲಿ ಒಂದು ಕಾಲಮ್ ಇರುತ್ತದೆ: ಡಿಸ್ಕೌಂಟ್ ದರ. ಮುಂದೆ ಬರುವ ಹಣವನ್ನು ಇಂದಿನ ಬೆಲೆಗೆ ಇಳಿಸುವ ದರ ಅದು. ರೂಢಿಯಲ್ಲಿ ಎಲ್ಲರೂ ಮಾಡುವುದು ಹೀಗೆ: ಸಾಲದ ಬಡ್ಡಿ ಹನ್ನೊಂದು ಶೇಕಡಾ ಎಂದಿಟ್ಟುಕೊಳ್ಳಿ, ಕೃಷಿ ಎಂದ ಮೇಲೆ ರಿಸ್ಕ್ ಇದ್ದೇ ಇದೆ, ಅದಕ್ಕೆ ಇನ್ನೊಂದು ನಾಲ್ಕು ಸೇರಿಸಿ, ಹದಿನೈದು ಎಂದು ಬರೆದು ಮುಂದೆ ಹೋಗುವುದು. ರಿಸ್ಕ್ ಸೇರಿಸಿದ ಡಿಸ್ಕೌಂಟ್ ದರ ಎನ್ನುವುದು ಇದನ್ನೇ. ಐದು ವರ್ಷದ ವ್ಯಾಪಾರಕ್ಕೆ ಇದರಿಂದ ದೊಡ್ಡ ತೊಂದರೆಯೇನೂ ಆಗುವುದಿಲ್ಲ. ಇಪ್ಪತ್ತು ವರ್ಷ ಬಾಳುವ ತೋಟಕ್ಕೆ ಆಗುತ್ತದೆ.

ಪೆರ್ಲ ಕಡೆಯ ಒಬ್ಬ ಕೃಷಿಕರ ಲೆಕ್ಕವನ್ನೇ ತೆಗೆದುಕೊಳ್ಳುತ್ತೇನೆ. ಒಂದೂವರೆ ಎಕರೆ ಗುಡ್ಡೆ ಜಾಗ. ಜೆಸಿಬಿ ತಂದು ಸಮತಟ್ಟು ಮಾಡುವುದು, ಬೋರ್‌ವೆಲ್, ಪೈಪು, ಸಸಿ, ಗುಂಡಿ ಎಲ್ಲ ಸೇರಿ ಮೊದಲಿಗೆ 6 ಲಕ್ಷ ರೂಪಾಯಿ. ಮುಂದಿನ ನಾಲ್ಕು ವರ್ಷ ಆದಾಯವಿಲ್ಲ. ಕೂಲಿ, ಗೊಬ್ಬರ, ನೀರಿಗೆಂದು ವರ್ಷಕ್ಕೆ 1 ಲಕ್ಷ ಖರ್ಚು. ಐದರಿಂದ ಏಳನೇ ವರ್ಷದವರೆಗೆ ಖರ್ಚು ಕಳೆದು ವರ್ಷಕ್ಕೆ ಒಂದೂವರೆ ಲಕ್ಷ. ಎಂಟರಿಂದ ಇಪ್ಪತ್ತನೇ ವರ್ಷದವರೆಗೆ ವರ್ಷಕ್ಕೆ 3 ಲಕ್ಷ. ಧಾರಣೆ ಏರಿದಂತೆ ಕೂಲಿಯೂ ಏರುತ್ತದೆ ಎಂದು ನಿವ್ವಳ ಮೊತ್ತವನ್ನು ಹಾಗೆಯೇ ಇಟ್ಟೆವು.

ಈ 3 ಲಕ್ಷ ಎಲ್ಲಿಂದ ಬಂತು ಎಂಬುದನ್ನು ಮೊದಲು ಹೇಳಬೇಕು, ಏಕೆಂದರೆ ಲೆಕ್ಕ ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ. ಅವರು ಮೊದಲು ಹೇಳಿದ ಸಂಖ್ಯೆ 4 ಲಕ್ಷ. ಅದು ನೀರು ಬತ್ತದೆ, ಕೊಳೆರೋಗ ಹಿಡಿತದಲ್ಲಿದ್ದು, ಧಾರಣೆ ಒಳ್ಳೆಯದಿದ್ದಾಗಿನ ಮಾತು. ಹತ್ತರಲ್ಲಿ ಆರು ಪಾಲು ಹಾಗಾಗಬಹುದು ಎಂದರು. ಮೂರು ಪಾಲು ಅರ್ಧ ಫಸಲು, ಅಂದರೆ 2 ಲಕ್ಷ. ಉಳಿದ ಒಂದು ಪಾಲಿನಲ್ಲಿ ಏನೂ ಇಲ್ಲ. ಹಳದಿ ಎಲೆ ರೋಗ ಬಂದ ತೋಟಗಳನ್ನು ಕಂಡವರು ಅವರು. ಈ ಮೂರನ್ನೂ ತೂಗಿದರೆ ಸಿಗುವ ನಿರೀಕ್ಷಿತ ಮೊತ್ತ 3 ಲಕ್ಷ. ಕೆಟ್ಟ ವರ್ಷಗಳ ಸಾಧ್ಯತೆ ಇದರೊಳಗೇ ಬಂದಾಯಿತು. ಇನ್ನು ಮುಂದೆ ಕಳೆಯುವುದೇನಿದ್ದರೂ ಅನಿಶ್ಚಯವನ್ನು ಹೊತ್ತುಕೊಳ್ಳುವ ತಲೆನೋವಿಗೆ ಮಾತ್ರ. 4 ಲಕ್ಷವನ್ನೇ ಇಟ್ಟುಕೊಂಡು ‘ರಿಸ್ಕ್‌ಗೆ’ ಎಂದು ದರ ಏರಿಸುವವರು ಎರಡು ಬೇರೆ ಕೆಲಸಗಳನ್ನು ಒಂದೇ ಸಂಖ್ಯೆಯಿಂದ ಮಾಡಿಸಲು ಹೊರಟಿರುತ್ತಾರೆ.

ಹದಿನೈದು ಶೇಕಡಾ ದರದಲ್ಲಿ ಲೆಕ್ಕ ಹಾಕಿದಾಗ ಖರ್ಚುಗಳ ಇಂದಿನ ಬೆಲೆ 8.85 ಲಕ್ಷ, ಆದಾಯದ ಇಂದಿನ ಬೆಲೆ 8.25 ಲಕ್ಷ. ನಿವ್ವಳ ಪ್ರಸ್ತುತ ಮೌಲ್ಯ ಸುಮಾರು 60 ಸಾವಿರ ರೂಪಾಯಿ ಕೊರತೆ. ಕಾಗದದ ಪ್ರಕಾರ ಸಸಿ ನೆಡಬಾರದು.

ಅಷ್ಟಕ್ಕೇ ವರದಿ ಮುಚ್ಚುವ ಮೊದಲು ನಾನು ಒಂದು ಪರೀಕ್ಷೆ ಮಾಡುತ್ತೇನೆ. ಸರ್ಕಾರಿ ಬಾಂಡಿನಂತಹ ಖಚಿತ ಹೂಡಿಕೆಗೆ 7 ಶೇಕಡಾ ಸಿಗುತ್ತದೆ ಎಂದಿಟ್ಟುಕೊಂಡರೆ, ಹದಿನೈದು ಎಂದು ಬರೆದಾಗ ನಾವು ಪ್ರತಿ ವರ್ಷದ ಆದಾಯದಲ್ಲಿ ರಿಸ್ಕ್‌ಗೆಂದು ಎಷ್ಟು ಕತ್ತರಿಸಿದಂತಾಯಿತು ಎಂದು ನೋಡುವ ಪರೀಕ್ಷೆ. ಎಕ್ಸೆಲ್‌ನಲ್ಲಿ ಒಂದೇ ಸಾಲು:

```
=(1.07/1.15)^20
```

ಉತ್ತರ 0.24. ಐದನೇ ವರ್ಷಕ್ಕೆ ಇದೇ ಲೆಕ್ಕ 0.70 ಕೊಡುತ್ತದೆ, ಹತ್ತನೇ ವರ್ಷಕ್ಕೆ 0.49. ಅಂದರೆ ಇಪ್ಪತ್ತನೇ ವರ್ಷದಲ್ಲಿ ನಿರೀಕ್ಷಿಸುವ ನೂರು ರೂಪಾಯಿಯ ಬದಲು ಅದೇ ವರ್ಷ ಖಚಿತವಾಗಿ ಇಪ್ಪತ್ತನಾಲ್ಕು ರೂಪಾಯಿ ಕೊಡುತ್ತೇವೆಂದರೆ ಸಾಕು ಎಂದು ನಾವೇ ಒಪ್ಪಿಕೊಂಡಂತೆ. ಈ ಮಾತನ್ನು ಕೃಷಿಕರ ಮುಂದಿಟ್ಟಾಗ ಅವರು ನಕ್ಕರು. “ಇಪ್ಪತ್ತನಾಲ್ಕಕ್ಕೆ ಯಾರು ಬಿಡುತ್ತಾರೆ ಮಾರಾಯರೇ? ಅಷ್ಟು ಹೊತ್ತಿಗೆ ತೋಟ ನೆಲೆ ನಿಂತಿರುತ್ತದಲ್ಲ!”

ವಿಷಯದ ತಿರುಳು ಆ ಉತ್ತರದಲ್ಲೇ ಇದೆ. ಒಂದೇ ದರವನ್ನು ಎಲ್ಲ ವರ್ಷಕ್ಕೂ ಹಾಕಿದಾಗ ರಿಸ್ಕ್ ಚಕ್ರಬಡ್ಡಿಯಂತೆ ಬೆಳೆಯುತ್ತಲೇ ಹೋಗುತ್ತದೆ ಎಂದು ನಾವು ಗೊತ್ತಿಲ್ಲದೆಯೇ ಹೇಳುತ್ತಿರುತ್ತೇವೆ. ರೋಬಿಚೆಕ್ ಮತ್ತು ಮೈಯರ್ಸ್ ಎಂಬ ಹಣಕಾಸು ವಿದ್ವಾಂಸರು 1966ರಲ್ಲಿಯೇ ಇದನ್ನು ತೋರಿಸಿಕೊಟ್ಟಿದ್ದರು. ನಮ್ಮ ಗುಡ್ಡೆಯ ತೋಟದ ರಿಸ್ಕ್ ಹಾಗೆ ಬೆಳೆಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬೋರ್‌ವೆಲ್ ನೀರು ಕೊಡುತ್ತದೆಯೇ, ಸಸಿ ಬಿಸಿಲಿಗೆ ತಡೆಯುತ್ತದೆಯೇ ಎಂಬ ಪ್ರಶ್ನೆಗಳು ಮೊದಲ ಕೆಲವು ವರ್ಷಗಳಲ್ಲೇ ತೀರ್ಮಾನವಾಗುತ್ತವೆ. ಇಂದು ನಿಂತು ನೋಡುವವನಿಗೆ ಆ ಅನಿಶ್ಚಯ ಇಪ್ಪತ್ತನೇ ವರ್ಷದ ಹಣವನ್ನೂ ತಟ್ಟುತ್ತದೆ ನಿಜ, ಆದರೆ ಒಂದೇ ಸಲ. ಒಂದೇ ದರದ ವಿಧಾನ ಅದೇ ಭಯಕ್ಕೆ ಪ್ರತಿ ವರ್ಷವೂ ಹೊಸದಾಗಿ ದಂಡ ಹಾಕುತ್ತದೆ.

ಹಾಗಾಗಿ ನಾನು ಇಂಥ ಕಡೆ ಖಚಿತ ಸಮಾನ ಮೊತ್ತದ ವಿಧಾನಕ್ಕೆ ಹೋಗುತ್ತೇನೆ. ಪ್ರತಿ ವರ್ಷದ ನಿರೀಕ್ಷಿತ ಮೊತ್ತವನ್ನು ಒಂದು ಗುಣಕದಿಂದ ಗುಣಿಸಿ, ‘ಇದರ ಬದಲು ಖಚಿತವಾಗಿ ಇಷ್ಟು ಸಿಕ್ಕರೆ ಸಾಕು’ ಎನ್ನುವ ಮೊತ್ತಕ್ಕೆ ಇಳಿಸುವುದು. ರಿಸ್ಕ್ ಅಲ್ಲಿಗೆ ಮುಗಿಯಿತು. ಆಮೇಲೆ ಉಳಿಯುವುದು ಕಾಲದ ಬೆಲೆ ಮಾತ್ರ. ಅದಕ್ಕೆ 7 ಶೇಕಡಾ ಸಾಕು.

ಗುಣಕವನ್ನು ಎಲ್ಲಿಂದ ತರುವುದು ಎಂಬುದೇ ಈ ವಿಧಾನದ ಮೇಲಿರುವ ದೊಡ್ಡ ಆಕ್ಷೇಪ. ನಮ್ಮ ಊರಿನಲ್ಲಿ ಅದಕ್ಕೆ ಒಂದು ಆಧಾರವಿದೆ. ಗೇರು ಗುಡ್ಡೆಯನ್ನೋ ಅಡಿಕೆ ಫಸಲನ್ನೋ ಗುತ್ತಿಗೆಗೆ ಕೊಡುವುದು ಇಲ್ಲಿ ಹೊಸತಲ್ಲ. ಗುತ್ತಿಗೆದಾರ ಮರದ ಮೇಲಿನ ಫಸಲು ನೋಡಿ ಒಂದು ಮೊತ್ತ ಹೇಳುತ್ತಾನೆ. ಮಳೆ, ರೋಗ, ಧಾರಣೆ ಎಲ್ಲ ಅವನ ತಲೆಗೆ. ಯಜಮಾನ ಒಪ್ಪಿ ಕೈಯೊಡ್ಡಿದ ಆ ಮೊತ್ತವೇ ಖಚಿತ ಸಮಾನ. ನಾನು ಅವರನ್ನು ಕೇಳಿದ್ದು ಹೀಗೆ: ನೀವೇ ಕೊಯ್ಲು ಮಾಡಿಸಿದರೆ, ಮದ್ದು ಬಿಡುವ ಖರ್ಚು, ಕೊಯ್ಲು, ಸುಲಿಯುವ ಕೂಲಿ ಕಳೆದು ಸರಾಸರಿ ನೂರು ಉಳಿಯುತ್ತದೆ ಎಂದುಕೊಳ್ಳಿ. ಗುತ್ತಿಗೆಗೆ ಎಷ್ಟಕ್ಕೆ ಬಿಡುತ್ತೀರಿ? ತೊಂಬತ್ತಕ್ಕೆ ತಕ್ಷಣ ‘ಆಯಿತು’ ಎಂದರು, ಎಪ್ಪತ್ತಕ್ಕೆ ‘ಆಗುವುದಿಲ್ಲ’ ಎಂದರು. ಎರಡೂ ಕಡೆಯಿಂದ ಒತ್ತುತ್ತಾ ಬಂದಾಗ ಎಂಬತ್ತರಲ್ಲಿ ಮಾತು ನಿಂತಿತು. ಹೀಗೆ ಎರಡು ಕಡೆಯಿಂದಲೂ ಕೇಳುವುದು ಮುಖ್ಯ. ನೇರವಾಗಿ ‘ಎಷ್ಟು ಬೇಕು’ ಎಂದರೆ ಯಾರೇ ಆದರೂ ಮಾರುವವರ ಬೆಲೆಯನ್ನು ಹೇಳುತ್ತಾರೆ.

ಈ 0.80 ಒಂದು ಹಂಗಾಮಿನ ರಿಸ್ಕ್‌ಗೆ ಮಾತ್ರ, ಅದೂ ನಿಂತ ತೋಟಕ್ಕೆ. ತೋಟ ನೆಲೆ ನಿಲ್ಲುತ್ತದೆಯೋ ಇಲ್ಲವೋ ಎಂಬ ಅನಿಶ್ಚಯಕ್ಕೆ ಬೇರೆಯೇ ಪ್ರಶ್ನೆ ಕೇಳಿದಾಗ ಸುಮಾರು 0.87 ಬಂತು. ಎರಡನ್ನೂ ಗುಣಿಸಿದರೆ 0.70. ಐದರಿಂದ ಏಳನೇ ವರ್ಷಕ್ಕೆ ಅದನ್ನೇ ಇಟ್ಟೆವು. ಆಮದು ನೀತಿ, ಧಾರಣೆ, ಹೊಸ ರೋಗಗಳ ಸಂಗತಿ ದೂರ ಹೋದಷ್ಟೂ ಮಸುಕಾಗುತ್ತದೆ. ಆದ್ದರಿಂದ ಎಂಟರಿಂದ ಹದಿನಾಲ್ಕಕ್ಕೆ 0.60, ಅಲ್ಲಿಂದ ಇಪ್ಪತ್ತಕ್ಕೆ 0.50. ಅವರು ಇನ್ನೂ ಹೆಚ್ಚು ಹೇಳುತ್ತಿದ್ದರು. ನಾನೇ ಎಳೆದು ಇಳಿಸಿದೆ. ಸ್ವಂತ ತೋಟದ ಮೇಲೆ ಮನುಷ್ಯನಿಗೆ ಮೋಹ ಜಾಸ್ತಿ.

ಖರ್ಚಿನ ಸಾಲುಗಳಿಗೆ ಗುಣಕ ಒಂದಕ್ಕಿಂತ ಮೇಲಿರಬೇಕು. ಮೊದಲ ನಾಲ್ಕು ವರ್ಷದ 1 ಲಕ್ಷಕ್ಕೆ ನಾನು 1.05 ಹಾಕಿದೆ, ಏಕೆಂದರೆ ಖರ್ಚು ಎಷ್ಟಾದೀತೋ ಎಂಬ ಚಿಂತೆ ತಪ್ಪಿಸಿಕೊಳ್ಳಲು ಯಾರಾದರೂ ಐದು ಸಾವಿರ ಹೆಚ್ಚೇ ಕೊಟ್ಟಾರು. ಒಂದೇ ದರದ ವಿಧಾನ ಇಲ್ಲಿ ತಲೆಕೆಳಗಾಗುತ್ತದೆ: ಆ ನಾಲ್ಕು ವರ್ಷದ ಖರ್ಚಿನ ಇಂದಿನ ಬೆಲೆ 7 ಶೇಕಡಾದಲ್ಲಿ 3.39 ಲಕ್ಷ, 15ರಲ್ಲಿ 2.85 ಲಕ್ಷ. ಯೋಜನೆ ಅಪಾಯದ್ದು ಎಂದಷ್ಟೂ ಕೂಲಿಯ ಹೊರೆ ಹಗುರವಾಗಿ ಕಾಣುತ್ತದೆ! ಕೊನೆಯಲ್ಲಿ ದೊಡ್ಡ ಖರ್ಚು ಬರುವ ಯೋಜನೆಗಳಲ್ಲಿ, ಉದಾಹರಣೆಗೆ ಕೆಂಪುಕಲ್ಲು ಕೋರೆಯ ಹೊಂಡ ಮುಚ್ಚಬೇಕಾದಲ್ಲಿ, ಈ ಮೋಸ ಇನ್ನೂ ದೊಡ್ಡದು.

ಲೆಕ್ಕ ಹೀಗೆ ಮುಗಿಯಿತು. ಖರ್ಚುಗಳ ಇಂದಿನ ಬೆಲೆ 9.56 ಲಕ್ಷ. ಕತ್ತರಿಸಿದ ಆದಾಯಗಳ ಇಂದಿನ ಬೆಲೆ 10.92 ಲಕ್ಷ. ಉಳಿಕೆ 1.36 ಲಕ್ಷ. ಬೇಡ ಎಂದಿದ್ದ ಯೋಜನೆ ಬೇಕು ಎಂದಾಯಿತು, ಅದೂ ಇಪ್ಪತ್ತನೇ ವರ್ಷದ ಹಣವನ್ನು ಅರ್ಧಕ್ಕೆ ಇಳಿಸಿದ ಮೇಲೂ.

ಗುಣಕಗಳ ಮೇಲೆ ನಂಬಿಕೆ ಬಾರದವರಿಗೆ ನಾನು ಇನ್ನೊಂದು ಸಂಖ್ಯೆ ಕೊಡುತ್ತೇನೆ. ಕತ್ತರಿಸದ ಆದಾಯಗಳ ಬೆಲೆ 7 ಶೇಕಡಾದಲ್ಲಿ 18.62 ಲಕ್ಷ. ಖರ್ಚಿನ 9.56ನ್ನು ಇದರಿಂದ ಭಾಗಿಸಿದರೆ 0.51. ಐದನೇ ವರ್ಷದಿಂದ ಮುಂದೆ ಬರುವ ಪ್ರತಿ ನೂರು ರೂಪಾಯಿಯನ್ನು ಖಚಿತವಾದ ಐವತ್ತೊಂದಕ್ಕೆ ಬಿಟ್ಟುಕೊಡಲು ನೀವು ಸಿದ್ಧರಿದ್ದರೆ ಮಾತ್ರ ಈ ತೋಟ ನಿಮಗೆ ಬೇಡ. ಇಪ್ಪತ್ತು ಗುಣಕಗಳ ಬಗ್ಗೆ ಜಗಳವಾಡುವುದಕ್ಕಿಂತ ಈ ಒಂದು ಪ್ರಶ್ನೆಗೆ ಉತ್ತರಿಸುವುದು ಸುಲಭ.

ಒಂದು ಎಚ್ಚರಿಕೆ. ಗುಣಕದಿಂದ ಇಳಿಸಿದ ಮೊತ್ತವನ್ನು ಮತ್ತೆ ಹದಿನೈದರಲ್ಲಿ ಡಿಸ್ಕೌಂಟ್ ಮಾಡಿದ ವರದಿಗಳು ನನ್ನ ಕೈಗೆ ಬರುತ್ತವೆ. ಹಾಗೆ ಮಾಡಿದರೆ ಇದೇ ತೋಟ 4 ಲಕ್ಷ ಕೊರತೆ ತೋರಿಸುತ್ತದೆ. ಗುಣಕದ ಕಾಲಮ್ ಇರುವ ಹಾಳೆಯಲ್ಲಿ ದರ ಬಾಂಡಿನ ಬಡ್ಡಿಗಿಂತ ಮೇಲಿದ್ದರೆ ರಿಸ್ಕ್ ಎರಡು ಸಲ ಕಳೆದಿದೆ ಎಂದೇ ಅರ್ಥ.

ಹಾಗೆಂದು ಎಲ್ಲದಕ್ಕೂ ನಾನು ಇದನ್ನೇ ಬಳಸುವುದಿಲ್ಲ. ಅದೇ ಕೃಷಿಕರ ಅಳಿಯ ಅಡಿಕೆ ಖರೀದಿ ಅಂಗಡಿ ತೆರೆಯುವ ಲೆಕ್ಕ ತಂದಾಗ ಒಂದೇ ದರ ಹಾಕಿ ಮುಗಿಸಿದೆ. ಅಲ್ಲಿ ಇಂದಿನ ಧಾರಣೆಯ ಏರಿಳಿತದ ಮೇಲೆ ನಾಳಿನದು ಕೂಡುತ್ತಾ ಹೋಗುತ್ತದೆ, ಒಂದು ದಿನ ತೀರ್ಮಾನವಾಗಿ ಮುಗಿಯುವ ಪ್ರಶ್ನೆ ಇಲ್ಲ.

ತೋಟದ ವರದಿಗೆ ಬ್ಯಾಂಕಿನ ನಮೂನೆಯಲ್ಲಿ ಒಂದು ದರ ಬರೆಯಲೇಬೇಕಿತ್ತು; ಗುಣಕಗಳಿಗೆ ಅಲ್ಲಿ ಜಾಗವಿಲ್ಲ. ಮೂಲ ಮೊತ್ತಗಳಿಂದಲೇ 1.36 ಲಕ್ಷ ಉಳಿಕೆ ಬರುವ ದರವನ್ನು ಹಿಂದಿನಿಂದ ಹುಡುಕಿದೆ. 12.6 ಶೇಕಡಾ ಸಿಕ್ಕಿತು. ನಮೂನೆಯಲ್ಲಿ ಅದನ್ನು ಬರೆದು, ಗುಣಕಗಳ ಪಟ್ಟಿಯನ್ನು ಅನುಬಂಧವಾಗಿ ಲಗತ್ತಿಸಿದೆ. ದರ ಹದಿಮೂರಕ್ಕೆ ಸುತ್ತಿಸಬಾರದೇಕೆ ಎಂದು ಮ್ಯಾನೇಜರ್ ಕೇಳಿದರು. ಸುತ್ತಿಸಿ ಎಂದೆ, ಆಗಲೂ ಉಳಿಕೆ ಸುಮಾರು 1 ಲಕ್ಷ ಬರುತ್ತಿತ್ತು.