ಗೂಢಚಾರರಿಗೆ ಗುಟ್ಟು ಸೋರದ ಹೆಸರು ಇಡುವುದು ಹೇಗೆ?

ವಾರಪತ್ರಿಕೆಯ ಕಥಾಸ್ಪರ್ಧೆಗೆ ಬರುವ ಹಸ್ತಪ್ರತಿಗಳನ್ನು ಹಲವು ವರ್ಷಗಳಿಂದ ಓದುತ್ತಿದ್ದೇನೆ. ಪತ್ತೇದಾರಿ, ಗೂಢಚಾರಿಕೆಯ ಕಥೆಗಳು ಈಗ ಜಾಸ್ತಿ ಬರುತ್ತಿವೆ. ಅವುಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಏಜೆಂಟ್ ವೈದ್ಯನಾದರೆ ಅವನ ಗುಪ್ತನಾಮ 'ಧನ್ವಂತರಿ'. ಕೊಡಗಿನವಳಾದರೆ 'ಕಾವೇರಿ'. ಕೊನೆಗೆ ದ್ರೋಹ ಬಗೆಯುವವನು 'ವಿಭೀಷಣ'. ಕಳೆದ ವರ್ಷ ಬಂದ ಒಂದು ಕಾದಂಬರಿಯಲ್ಲಿ ಏಜೆಂಟ್ ಹೆಸರು 'ಅಭಿಮನ್ಯು' ಅಂತಿತ್ತು. ಎರಡನೇ ಅಧ್ಯಾಯದಲ್ಲೇ ನನಗೆ ಗೊತ್ತಾಯಿತು, ಇವನು ಒಳಗೆ ಹೋಗುತ್ತಾನೆ, ಹೊರಗೆ ಬರುವುದಿಲ್ಲ. ಹಾಗೇ ಆಯಿತು. ಚೆನ್ನಾಗಿ ಬರೆದಿದ್ದ ಇನ್ನೂರು ಪುಟಗಳ ಕುತೂಹಲವನ್ನು ಒಂದು ಹೆಸರು ತಿಂದುಹಾಕಿತ್ತು.

ಹೆಸರು ನೆನಪಲ್ಲಿ ಉಳಿಯಬೇಕು, ಆದರೆ ಆ ಮನುಷ್ಯನ ಬಗ್ಗೆ ಏನನ್ನೂ ಹೇಳಬಾರದು. ಎರಡೂ ಒಟ್ಟಿಗೆ ಆಗಬೇಕಾದರೆ ಕೆಲಸವನ್ನು ಹೀಗೆ ಮಾಡಿ.

1. ಪಾತ್ರಕ್ಕಿಂತ ಮೊದಲು ಹೆಸರು

ಪಾತ್ರಗಳನ್ನು ಯೋಚಿಸುವ ಮೊದಲೇ ಮೂವತ್ತು ಚೀಟಿ ಕತ್ತರಿಸಿ, ಒಂದೊಂದರಲ್ಲಿ ಒಂದೊಂದು ವಸ್ತುವಿನ ಹೆಸರು ಬರೆದು ಡಬ್ಬಕ್ಕೆ ಹಾಕಿ. ಕೈಯಲ್ಲಿ ಹಿಡಿಯಬಹುದಾದ ವಸ್ತುವೇ ಆಗಲಿ: ಕಂದೀಲು, ಮೊಳೆ, ಜಾಡಿ, ನೊಗ, ಗುಂಡಿ, ಚಾಪೆ. ಕಣ್ಣಿಗೆ ಕಟ್ಟುವ ವಸ್ತು ನೆನಪಲ್ಲಿ ಉಳಿಯುತ್ತದೆ. 'ಧೈರ್ಯ', 'ನೆರಳು', 'ಮೌನ' ಉಳಿಯುವುದಿಲ್ಲ.

ಇಂಟರ್ನೆಟ್ಟಿನಲ್ಲಿ ಗುಂಡಿ ಒತ್ತಿದರೆ ಕೋಡ್‌ನೇಮ್ ಕೊಡುವ ತಾಣಗಳಿವೆ. ಅವುಗಳ ಹತ್ತಿರ ಹೋಗಬೇಡಿ. 'ಕಪ್ಪು ತೋಳ', 'ಉಕ್ಕಿನ ಹದ್ದು' ಥರದ ಹೆಸರುಗಳೇ ಸಿಗುತ್ತವೆ. ಒಂದನ್ನೊಂದು ಬದಲಾಯಿಸಿದರೂ ಓದುಗನಿಗೆ ಗೊತ್ತಾಗದಷ್ಟು ಒಂದೇ ಥರ. ಸುಲಭದ ದಾರಿ ಬೇಕೆಂದರೆ ಅಜ್ಜಿ ಮನೆಯ ಉಗ್ರಾಣ ನೆನಪಿಸಿಕೊಳ್ಳಿ. ಹತ್ತು ನಿಮಿಷದಲ್ಲಿ ಮೂವತ್ತು ಪದ ಸಿಗುತ್ತವೆ.

ದೇವರು, ಪುರಾಣದ ಪಾತ್ರ, ನದಿ, ಬೇಟೆಯಾಡುವ ಪ್ರಾಣಿ ಬೇಡವೇ ಬೇಡ. ಇದು ಬರೀ ನನ್ನ ಇಷ್ಟದ ಮಾತಲ್ಲ. 1940ರಲ್ಲಿ ಜರ್ಮನ್ನರು ಬಾಂಬರ್ ವಿಮಾನಗಳಿಗೆ ದಾರಿ ತೋರುವ ಹೊಸ ರೇಡಿಯೋ ವ್ಯವಸ್ಥೆಗೆ 'ವೋಟಾನ್' ಎಂದು ಹೆಸರಿಟ್ಟಿದ್ದರು. ಬ್ರಿಟನ್ನಿನ ವಿಜ್ಞಾನಿ ಆರ್. ವಿ. ಜೋನ್ಸ್ ಆ ಪದದ ಅರ್ಥವನ್ನು ಜರ್ಮನ್ ಬಲ್ಲ ಸಹೋದ್ಯೋಗಿಯೊಬ್ಬರ ಹತ್ತಿರ ಕೇಳಿದರು. ವೋಟಾನ್ ಅಂದರೆ ಒಕ್ಕಣ್ಣಿನ ದೇವರು. ಒಂದೇ ಕಣ್ಣು ಅಂದರೆ ಈ ವ್ಯವಸ್ಥೆಯಲ್ಲಿ ದಾರಿ ತೋರಲು ಒಂದೇ ರೇಡಿಯೋ ಕಿರಣ ಇರಬಹುದು ಅಂತ ಊಹಿಸಿದರು. ಊಹೆ ನಿಜವಾಯಿತು. ಪುರಾಣದ ಹೆಸರಿನ ಹಿಂದೆ ಒಂದು ಕಥೆ ಇದ್ದೇ ಇರುತ್ತದೆ, ಆ ಕಥೆ ನಿಮಗೆ ಮಾತ್ರ ಗೊತ್ತಿರುವುದಲ್ಲ.

2. ಚೀಟಿ ಎತ್ತಿ

ಪಾತ್ರ ತಯಾರಾದ ಮೇಲೆ ಕಣ್ಣುಮುಚ್ಚಿ ಒಂದು ಚೀಟಿ ಎತ್ತಿ. ಅಷ್ಟೇ.

3. ಸೋರಿಕೆ ಪರೀಕ್ಷೆ

ಎಲ್ಲರೂ ಎಡವುವುದು ಇಲ್ಲಿ. ಚೀಟಿ ಎತ್ತಿದರೂ ಆ ಹೆಸರು ಆಕಸ್ಮಿಕವಾಗಿ ಏನನ್ನಾದರೂ ಹೇಳಿಬಿಡಬಹುದು. ಅದಕ್ಕೇ ಪ್ರತಿ ಹೆಸರನ್ನೂ ಶತ್ರುವಿನ ಕಣ್ಣಿಂದ ನೋಡಬೇಕು: ನನಗೆ ಈ ಒಂದು ಪದ ಮಾತ್ರ ಸಿಕ್ಕಿದೆ, ಇದರಿಂದ ಏನು ಊಹಿಸಬಹುದು?

ನಿಜವಾದ ಗೂಢಚಾರ ಸಂಸ್ಥೆಗಳೇ ಇಲ್ಲಿ ಎಡವಿವೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಎಂಐ5 ನಡೆಸಿದ ಡಬಲ್ ಏಜೆಂಟ್‌ಗಳಲ್ಲಿ ಮೊದಮೊದಲಿನವನು ಆರ್ಥರ್ ಓವೆನ್ಸ್. ಅವನಿಗಿಟ್ಟ ಹೆಸರು 'ಸ್ನೋ'. ಓವೆನ್ಸ್ ಎಂಬುದನ್ನು ಇಂಗ್ಲಿಷಿನಲ್ಲಿ ಬರೆದು, ಅದರಿಂದ 'ಇ' ಅಕ್ಷರ ತೆಗೆದು, ಉಳಿದ ನಾಲ್ಕನ್ನು ಹಿಂದುಮುಂದು ಮಾಡಿ. 'ಸ್ನೋ' ಸಿಗುತ್ತದೆ. ಪದಬಂಧ ಬಿಡಿಸುವ ಯಾರಿಗಾದರೂ ಹೊಳೆಯಬಹುದಾದದ್ದು. ಸೋವಿಯತ್ ಗೂಢಚಾರರು ತಮಗೆ ಗುಟ್ಟು ಕೊಡುತ್ತಿದ್ದ ನ್ಯೂಯಾರ್ಕಿನ ಜೂಲಿಯಸ್ ರೋಸೆನ್‌ಬರ್ಗ್‌ಗೆ ಮೊದಲು ಇಟ್ಟಿದ್ದ ಹೆಸರು 'ಆಂಟೆನಾ'. ಅವನು ಅಮೆರಿಕದ ಸೇನೆಯ ಸಿಗ್ನಲ್ ವಿಭಾಗದಲ್ಲಿ ಕೆಲಸ ಮಾಡಿದ ಎಲೆಕ್ಟ್ರಿಕಲ್ ಎಂಜಿನಿಯರ್!

ಸೋರಿಕೆ ಎಲ್ಲೆಲ್ಲಿಂದ ಆಗುತ್ತದೆ ಅಂತ ಈ ಎರಡರಲ್ಲೇ ಗೊತ್ತಾಗುತ್ತದೆ. ಒಂದು, ಅಕ್ಷರ ಅಥವಾ ಉಚ್ಚಾರಣೆಯಿಂದ. ಇನ್ನೊಂದು, ಅರ್ಥದಿಂದ. ಅರ್ಥದಲ್ಲಿ ಊರು, ಉದ್ಯೋಗ, ವಯಸ್ಸು, ಗಂಡು-ಹೆಣ್ಣು, ಜಾತಿ-ಧರ್ಮ, ಮೈಕಟ್ಟು ಎಲ್ಲವೂ ಬರುತ್ತವೆ.

ಒಂದು ಉದಾಹರಣೆ ಮಾಡಿ ನೋಡೋಣ. ನಮ್ಮ ಕಲ್ಪನೆಯ ಏಜೆಂಟ್ ಗಿರಿಜಾ. ವಯಸ್ಸು 34, ಊರು ಸಾಗರದ ಕಡೆ. ಕೆಲಸ ಹೊರದೇಶದ ಬಂದರಿನಲ್ಲಿ ಲೆಕ್ಕ ಬರೆಯುವುದು. ಯಾವ ಹಡಗು ಏನು ಹೊತ್ತು ಬಂತು ಅಂತ ಬೆಂಗಳೂರಿನಲ್ಲಿರುವ ತನ್ನ ಹ್ಯಾಂಡ್ಲರ್‌ಗೆ ತಿಳಿಸುತ್ತಾಳೆ.

ಮೊದಲ ಚೀಟಿ: ಅಡಕತ್ತರಿ. ಕೇಳಲು ಚೆಂದ, ಮರೆಯುವುದೂ ಇಲ್ಲ. ಆದರೆ ಸಾಗರ ಅಡಿಕೆ ಸೀಮೆ. ಬಂದರಿನಲ್ಲಿ ಕೆಲಸ ಮಾಡುವ ಕನ್ನಡಿಗರಲ್ಲಿ ಮಲೆನಾಡಿನವರು ಯಾರು ಅಂತ ಹುಡುಕಿದರೆ ಸಾಕು, ಸಿಕ್ಕಿಬೀಳುತ್ತಾಳೆ. ಬೇಡ.

ಎರಡನೇ ಚೀಟಿ: ಸೇರು. ಅಳತೆಯ ಪಾತ್ರೆ. ಅವಳು ಲೆಕ್ಕದವಳು, ಹತ್ತಿರವಾಯಿತು. ಅದಕ್ಕಿಂತ ದೊಡ್ಡ ತೊಂದರೆ, 'ಸೇರು' ಕ್ರಿಯಾಪದವೂ ಹೌದು. 'ಸೇರು ಮನೆ ಸೇರಿತು' ಅಂತ ಬರೆದರೆ ಓದುಗ ಎರಡು ಸಲ ಓದಬೇಕಾಗುತ್ತದೆ.

ಮೂರನೇ ಚೀಟಿ: ಒರಳು. ಊರು ಹೇಳುವುದಿಲ್ಲ, ಉದ್ಯೋಗ ಹೇಳುವುದಿಲ್ಲ. ಆದರೆ ಅಡುಗೆಮನೆಯ ಸಾಮಾನು ಅಂದ ಕೂಡಲೇ ಹೆಚ್ಚಿನವರ ತಲೆಗೆ ಬರುವುದು ಹೆಂಗಸು. ಆ ಯೋಚನೆ ಸರಿಯೋ ತಪ್ಪೋ, ಶತ್ರು ಹಾಗೇ ಯೋಚಿಸುತ್ತಾನೆ. ಇದೇ ಚೀಟಿ ಗಂಡು ಏಜೆಂಟ್‌ಗೆ ಬಿದ್ದಿದ್ದರೆ ಇಟ್ಟುಕೊಳ್ಳಬಹುದಿತ್ತು. ಡಬ್ಬಕ್ಕೆ ವಾಪಸ್ ಹಾಕಿ.

ನಾಲ್ಕನೇ ಚೀಟಿ: ಕಂದೀಲು. ಗಿರಿಜಾ ಎಂಬ ಹೆಸರಿನ ಒಂದಕ್ಷರವೂ ಇಲ್ಲ. ಎಲ್ಲ ಊರಿನಲ್ಲೂ ಇದ್ದ ವಸ್ತು. ಗಂಡಸರೂ ಹಿಡಿದಿದ್ದಾರೆ, ಹೆಂಗಸರೂ ಹಿಡಿದಿದ್ದಾರೆ. ಲೆಕ್ಕಕ್ಕೂ ಹಡಗಿಗೂ ಸಂಬಂಧವಿಲ್ಲ. ಕಥೆಯಲ್ಲಿ ಬೇರೆ ಕಡೆ ನಿಜವಾದ ಕಂದೀಲು ಬರುವ ಸಾಧ್ಯತೆಯೂ ಕಡಿಮೆ. ಪಾಸ್.

ಇನ್ನೊಂದು ಕೆಲಸ ಮಾಡಿ. ಕಥೆ ಓದದ ಕೆಲವರಿಗೆ ಆ ಪದ ಮಾತ್ರ ಹೇಳಿ, 'ಈ ಹೆಸರಿನವರು ಹೇಗಿರಬಹುದು?' ಅಂತ ಕೇಳಿ. ಇಬ್ಬರು-ಮೂವರು ಬೇರೆ ಬೇರೆ ಉತ್ತರ ಕೊಟ್ಟರೆ ಹೆಸರು ಗಟ್ಟಿ. ಒಂದೇ ಉತ್ತರ ಬಂದರೆ ಚೀಟಿ ಬದಲಾಯಿಸಿ. ಮನೆಯವರನ್ನು ಕೇಳಬೇಡಿ, ಅವರಿಗೆ ನಿಮ್ಮ ಕಥೆ ಅರ್ಧ ಗೊತ್ತಿರುತ್ತದೆ.

4. ವ್ಯಾಕರಣದಲ್ಲಿ ಸೋರದಂತೆ ನೋಡಿ

ಇದು ಕನ್ನಡದಲ್ಲಿ ಬರೆಯುವವರ ತಲೆನೋವು. ಇಂಗ್ಲಿಷಿನಲ್ಲಿ ಕೋಡ್‌ನೇಮನ್ನು ಪೂರ್ತಿ ದೊಡ್ಡಕ್ಷರದಲ್ಲಿ ಬರೆದರೆ ಅದು ಹೆಸರು ಅಂತ ತಿಳಿಯುತ್ತದೆ. ನಮ್ಮಲ್ಲಿ ದೊಡ್ಡಕ್ಷರ ಇಲ್ಲ. ಮೊದಲ ಸಲ ಮಾತ್ರ ಉದ್ಧರಣ ಚಿಹ್ನೆ ಹಾಕಿ, ಆಮೇಲೆ ಬಿಟ್ಟುಬಿಡಿ. ಪ್ರತಿ ಸಲ ಹಾಕಿದರೆ ಪುಟ ತುಂಬ ಚುಕ್ಕೆ ಕಾಣುತ್ತದೆ.

ದೊಡ್ಡ ಅಪಾಯ ಕ್ರಿಯಾಪದದಲ್ಲಿದೆ. 'ಕಂದೀಲು ಬಂದಳು' ಅಂದ ಕೂಡಲೇ ಹೆಣ್ಣು ಅಂತ ಗೊತ್ತಾಗಿಬಿಡುತ್ತದೆ. ಇಷ್ಟೆಲ್ಲ ಕಷ್ಟಪಟ್ಟು ಹುಡುಕಿದ ಹೆಸರು ಒಂದು 'ಳು'ವಿನಲ್ಲಿ ಹಾಳಾಯಿತು. ಮಾತಿನಲ್ಲಿ ಗೌರವದ ರೂಪ ಬಳಸಿ: 'ಕಂದೀಲು ಬಂದ್ರಾ?' ಗಂಡೋ ಹೆಣ್ಣೋ ತಿಳಿಯುವುದಿಲ್ಲ, ಕಚೇರಿಯ ಮಾತಿನಂತೆಯೂ ಕೇಳುತ್ತದೆ. ಫೈಲಿನಲ್ಲಿ, ತಂತಿಯಲ್ಲಿ ವಾಕ್ಯವನ್ನೇ ತಿರುಗಿಸಿ: 'ಕಂದೀಲಿನಿಂದ ವರದಿ ಬಂದಿದೆ.' ಬಂದದ್ದು ವರದಿ, ಮನುಷ್ಯರ ಸುದ್ದಿಯೇ ಇಲ್ಲ.

ವಿಭಕ್ತಿಯನ್ನೂ ಹಚ್ಚಿ ನೋಡಿ. 'ಉ'ಕಾರದಲ್ಲಿ ಮುಗಿಯುವ ಪದ ನನಗೆ ಇಷ್ಟ: ಕಂದೀಲಿಗೆ, ಕಂದೀಲನ್ನು, ಕಂದೀಲಿನ. ಯಾರಿಗೆ ಬೇಕಾದರೂ ಒಗ್ಗುತ್ತದೆ. 'ನೊಗ' ಥರದ ಪದದಲ್ಲಿ ಇಕ್ಕಟ್ಟಿದೆ. 'ನೊಗಕ್ಕೆ ಹೇಳು' ಅಂದರೆ ಮರದ ತುಂಡಿಗೆ ಹೇಳಿದಂತೆ, 'ನೊಗನಿಗೆ ಹೇಳು' ಅಂದರೆ ಗಂಡಸು ಅಂತ ಬಯಲಾಯಿತು. 'ಬೀಸಣಿಗೆ'ಯಂಥದ್ದು 'ಬೀಸಣಿಗೆಗೆ' ಆಗಿ ನಾಲಿಗೆ ತಡವರಿಸುತ್ತದೆ.

ಕೊನೆಗೆ, ಆ ಏಜೆಂಟ್ ಸತ್ತ ಸುದ್ದಿಯ ವಾಕ್ಯವನ್ನು ಗಟ್ಟಿಯಾಗಿ ಹೇಳಿ ನೋಡಿ. 'ಕಂದೀಲು ಇನ್ನಿಲ್ಲ.' ಸರಿಯಾಗಿದೆ. 'ಬೋಂಡಾ ಇನ್ನಿಲ್ಲ' ಅಂದರೆ ಓದುಗ ನಗುತ್ತಾನೆ. ಅಳಬೇಕಾದ ಕಡೆ ನಗಿಸುವ ಹೆಸರು ಬೇಡ.

5. ಮೊದಲಕ್ಷರ ಬೇರೆ ಬೇರೆ ಇರಲಿ

ಕಂದೀಲು, ಕತ್ತರಿ, ಕಂಬಳಿ ಮೂರೂ ಒಂದೇ ಕಥೆಯಲ್ಲಿದ್ದರೆ ಓದುಗ ಕಳೆದುಹೋಗುತ್ತಾನೆ.

6. ಯಾವ ಹೆಸರು ಯಾರ ಬಾಯಲ್ಲಿ?

ಟಿಪ್ಪು ಸುಲ್ತಾನನ ವಂಶದ ನೂರ್ ಇನಾಯತ್ ಖಾನ್‌ರನ್ನು ಬ್ರಿಟನ್ನಿನ ಎಸ್‌ಒಇ ಎಂಬ ಗುಪ್ತ ಕಾರ್ಯಾಚರಣೆಯ ಸಂಸ್ಥೆ 1943ರ ಜೂನ್‌ನಲ್ಲಿ ಜರ್ಮನ್ನರ ಹಿಡಿತದಲ್ಲಿದ್ದ ಫ್ರಾನ್ಸಿಗೆ ರೇಡಿಯೋ ಆಪರೇಟರ್ ಆಗಿ ಕಳಿಸಿತು. ಅವರ ಗುರುತಿನ ಚೀಟಿಯಲ್ಲಿ ಇದ್ದ ಹೆಸರು ಝಾನ್-ಮಾರಿ ರೆನ್ಯೆ. ಜೊತೆಗಾರರಿಗೆ ಅವರು 'ಮ್ಯಾಡ್ಲಿನ್'. ಲಂಡನ್ನಿನ ಕಾಗದಪತ್ರದಲ್ಲಿ 'ನರ್ಸ್'. ಒಬ್ಬರಿಗೇ ಮೂರು ಹೆಸರು, ಮೂರಕ್ಕೂ ಬೇರೆ ಬೇರೆ ಕೆಲಸ. ಪೊಲೀಸ್ ತಡೆದಾಗ ಹೇಳುವುದು ಒಂದು, ಗೆಳೆಯರು ಕರೆಯುವುದು ಇನ್ನೊಂದು, ಫೈಲಿನಲ್ಲಿರುವುದು ಮತ್ತೊಂದು. ಗೆಳೆಯನೊಬ್ಬ ಸಿಕ್ಕಿಬಿದ್ದರೆ ಅವನು ಬಾಯಿಬಿಡಬಹುದಾದದ್ದು ಒಂದು ಹೆಸರು ಮಾತ್ರ.

ನಿಮ್ಮ ಕಥೆಗೆ ಮೂರು ಬೇಕಾಗಿಲ್ಲ, ಎರಡು ಸಾಕು. ಬಂದರಿನಲ್ಲಿ ಎಲ್ಲರೂ ಕರೆಯುವ ಸುಳ್ಳು ಹೆಸರು ಒಂದು, ಬೆಂಗಳೂರಿನ ಫೈಲಿನಲ್ಲಿ ಕಂದೀಲು. ಈ ಎರಡನ್ನೂ ಒಂದೇ ಸಾಲಿನಲ್ಲಿ ಬರೆದ ಕಾಗದ ಎಲ್ಲಿದೆ, ಅದನ್ನು ಯಾರು ನೋಡಬಹುದು ಅಂತ ಬರೆಯುವ ಮೊದಲೇ ತೀರ್ಮಾನಿಸಿ. ಹೆಸರು ಎಷ್ಟೇ ಗಟ್ಟಿಯಿದ್ದರೂ ಕಾಗದ ಕೈಕೊಡುತ್ತದೆ. ನೂರ್ ತಾವು ಕಳಿಸಿದ ಸಂದೇಶಗಳನ್ನೆಲ್ಲ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಅವರನ್ನು ಬಂಧಿಸಿದಾಗ ಆ ಪುಸ್ತಕ ಜರ್ಮನ್ನರಿಗೆ ಸಿಕ್ಕಿತು. ಅದನ್ನಿಟ್ಟುಕೊಂಡು, ನೂರ್ ಇನ್ನೂ ಕೆಲಸ ಮಾಡುತ್ತಿದ್ದಾರೆ ಎಂಬಂತೆ ಲಂಡನ್ನಿಗೆ ಸಂದೇಶ ಕಳಿಸಿದರು.

7. ಹೆಸರು ಬದಲಾಯಿಸುವಾಗ

ಕಥೆಯ ಮಧ್ಯೆ ಗುಪ್ತನಾಮ ಬಯಲಾದರೆ ಹೊಸದು ಕೊಡಬೇಕು. 1944ರಲ್ಲಿ ಸೋವಿಯತ್‌ನವರು 'ಆಂಟೆನಾ'ವನ್ನು 'ಲಿಬರಲ್' ಮಾಡಿದರು. ಹೊಸ ಹೆಸರು ಎಂಜಿನಿಯರನ ಗುರುತು ಕೊಡುತ್ತಿರಲಿಲ್ಲ, ಒಳ್ಳೆಯದೇ. ಆದರೆ ಯಾರ ಹಳೆ ಹೆಸರು ಯಾವುದು, ಹೊಸದು ಯಾವುದು ಅಂತ ಪಟ್ಟಿ ಮಾಡಿ ಮಾಸ್ಕೋಗೆ ತಂತಿ ಕಳಿಸಿದರು. ಅದನ್ನು ಅಮೆರಿಕನ್ನರು ಮುಂದೆ ಬಿಡಿಸಿ ಓದಿದರು. ಹಳೆಯದೂ ಹೊಸದೂ ಒಬ್ಬನೇ ಅಂತ ಆ ತಂತಿಯೇ ಹೇಳಿತು. ನಿಮ್ಮ ಕಥೆಯಲ್ಲಿ ಈ ಕೆಲಸವನ್ನು ಕಾಗದದಲ್ಲಿ ಮಾಡಿಸಬೇಡಿ. ಹ್ಯಾಂಡ್ಲರ್ ಎದುರು ಕೂತು ಹೇಳಲಿ: 'ನಾಳೆಯಿಂದ ನೀವು ಮೊಳೆ.' ಮೊಳೆಗೂ ಸೋರಿಕೆ ಪರೀಕ್ಷೆ ಮಾಡಿ, ಮೊದಲಿನಿಂದ.

ಉಳಿದ ಚೀಟಿಗಳನ್ನು ಡಬ್ಬದಲ್ಲೇ ಇಡಿ. ಎರಡನೇ ಭಾಗ ಬರೆಯುವಾಗ ಬೇಕಾಗುತ್ತವೆ.